ಕೊನೆಯ ದಿನ ತಂಡದವರಿಗೆ ಬರೆಯುವ ವಿದಾಯ ಪತ್ರ: ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲಸ ಬಿಡುವವರು ಕೊನೆಯ ದಿನ ಜೊತೆಗಾರರಿಗೆ ಬರೆದ ಪತ್ರವನ್ನು ತಿದ್ದಿಸಿಕೊಳ್ಳಲು ತಂದಾಗ ಸಾಮಾನ್ಯವಾಗಿ ಎರಡು ಮಾತು ಹೇಳುತ್ತಾರೆ: ವ್ಯಾಕರಣ ನೋಡಿ, ಆಮೇಲೆ ಸ್ವಲ್ಪ ಆತ್ಮೀಯವಾಗಿ ಮಾಡಿ. ಇವು ಎರಡು ಬೇರೆ ಬೇರೆ ಕೆಲಸಗಳೆಂದು ಅವರು ನಂಬಿರುತ್ತಾರೆ. ನನ್ನ ಕೈಗೆ ಬಂದ ಹೆಚ್ಚಿನ ಪತ್ರಗಳಲ್ಲಿ ಎರಡೂ ಒಂದೇ ಜಾಗದಲ್ಲಿ ಕೆಟ್ಟಿರುತ್ತವೆ. ಇಂಗ್ಲಿಷಿನಲ್ಲಿ ಯೋಚಿಸಿ ಕನ್ನಡಕ್ಕೆ ಇಳಿಸಿದ ವಾಕ್ಯದಲ್ಲಿ ವಿಭಕ್ತಿಯೂ ತಪ್ಪಿರುತ್ತದೆ, ಮಾತೂ ತಣ್ಣಗಿರುತ್ತದೆ. ಕೇಳಿದವರ ಮಾತಿನಲ್ಲಿಯೇ ಪ್ರಶ್ನೆಗಳನ್ನು ಇಟ್ಟು, ಸುಲಭವಾದವುಗಳಿಂದ ಆರಂಭಿಸಿ ಉತ್ತರಿಸಿದ್ದೇನೆ.

## ಬರೆಯುವ ಮೊದಲು

ರಾಜೀನಾಮೆ ಪತ್ರ ಹೇಗೂ ಬರೆದಿದ್ದೀನಲ್ಲ, ಅದನ್ನೇ ಸ್ವಲ್ಪ ಬದಲಾಯಿಸಿ ತಂಡಕ್ಕೆ ಕಳಿಸಿದ್ರೆ ಆಗಲ್ವಾ?

ಆಗುವುದಿಲ್ಲ. ರಾಜೀನಾಮೆ ಪತ್ರ ಸಂಸ್ಥೆಗೆ ಬರೆದದ್ದು. ಅದರಲ್ಲಿ ಯಾವ ದಿನಾಂಕದಿಂದ ಬಿಡುಗಡೆ ಬೇಕು, ನೋಟಿಸ್ ಅವಧಿ ಎಂದಿಗೆ ಮುಗಿಯುತ್ತದೆ ಎಂಬ ಸಂಗತಿಗಳಿದ್ದರೆ ಸಾಕು, ಕಾರಣವನ್ನು ಹೇಳಲೇಬೇಕೆಂದೂ ಇಲ್ಲ. ಅದು ಕಡತದಲ್ಲಿ ಉಳಿಯುವ ಕಾಗದವಾದ್ದರಿಂದ ಅದರ ಭಾಷೆ ತಟಸ್ಥವಾಗಿರುವುದೇ ಸರಿ. ವಿದಾಯ ಪತ್ರವನ್ನು ಓದುವವರಿಗೆ ನೀವು ಹೋಗುವ ದಿನಾಂಕ ಮೊದಲೇ ಗೊತ್ತಿರುತ್ತದೆ. ನೀವು ಬಿಡುವ ಸಂಗತಿಯನ್ನು ಎಚ್‌ಆರ್‌ನವರೋ ಮ್ಯಾನೇಜರೋ ವಾರಗಳ ಹಿಂದೆಯೇ ಹೇಳಿರುತ್ತಾರೆ. ಆದ್ದರಿಂದ ‘ನಾನು ನನ್ನ ಹುದ್ದೆಗೆ ರಾಜೀನಾಮೆ ಸಲ್ಲಿಸಿರುತ್ತೇನೆ ಎಂದು ಈ ಮೂಲಕ ತಿಳಿಯಪಡಿಸುತ್ತೇನೆ’ ಎಂದು ಆರಂಭವಾಗುವ ವಿದಾಯ ಪತ್ರ, ಎಲ್ಲರಿಗೂ ತಿಳಿದ ಸುದ್ದಿಯನ್ನು ಮತ್ತೆ ಡಂಗುರ ಹೊಡೆದಂತಿರುತ್ತದೆ. ತಂಡದವರು ಅದರಲ್ಲಿ ಹುಡುಕುವುದು ಇಷ್ಟನ್ನೇ: ತಮ್ಮೊಡನೆ ಕಳೆದ ದಿನಗಳಲ್ಲಿ ಈ ಮನುಷ್ಯನಿಗೆ ಏನು ನೆನಪಿದೆ, ಮುಂದೆ ಬೇಕಾದಾಗ ಎಲ್ಲಿ ಸಿಗುತ್ತಾನೆ.

ಎಷ್ಟು ಉದ್ದ ಬರೀಬೇಕು? ಬೆಳಿಗ್ಗೆನೇ ಕಳಿಸಲಾ, ಸಂಜೆ ಕಳಿಸಲಾ?

ನೂರೈವತ್ತು ಪದಗಳು ಸಾಕು, ಇನ್ನೂರನ್ನು ದಾಟಿದರೆ ಮೊಬೈಲಿನ ಪರದೆಯಲ್ಲಿ ‘ಮುಂದೆ ಓದಿ’ ಎಂಬುದರ ಕೆಳಗೆ ಅರ್ಧ ಪತ್ರ ಅಡಗಿಬಿಡುತ್ತದೆ. ಹೊತ್ತಿನ ಬಗ್ಗೆ ಹೇಳುವುದಾದರೆ, ಬೆಳಿಗ್ಗೆ ಕಳಿಸಿದವರು ದಿನವಿಡೀ ಹೋದವರಂತೆ ಕೂರಬೇಕಾಗುತ್ತದೆ. ಕೆಲಸ ಒಪ್ಪಿಸುವ ಮಾತುಕತೆಗಳ ನಡುವೆ ಒಬ್ಬೊಬ್ಬರೇ ಬಂದು ಕೈಕುಲುಕುತ್ತಾರೆ, ಕೆಲಸವೂ ಮುಗಿಯುವುದಿಲ್ಲ. ಸಂಜೆಗೆ ಬಿಟ್ಟವರಿಗೆ ಬೇರೆ ತೊಂದರೆ: ಅನೇಕ ಕಂಪನಿಗಳಲ್ಲಿ ಕೊನೆಯ ದಿನ ಲ್ಯಾಪ್‌ಟಾಪ್ ಹಿಂದಿರುಗಿಸಿದ ಕೂಡಲೇ ಮೇಲ್ ಖಾತೆ ಮುಚ್ಚುತ್ತದೆ, ಬರೆದಿಟ್ಟ ಕರಡು ಅದರೊಳಗೇ ಉಳಿಯುತ್ತದೆ. ಮಧ್ಯಾಹ್ನದ ಊಟದ ನಂತರ, ಐಟಿ ವಿಭಾಗಕ್ಕೆ ಹೋಗುವ ಮೊದಲು ಕಳಿಸುವುದು ವಾಸಿ. ಪಾಳಿಯ ಕೆಲಸವಿರುವ ಕಡೆ ಎರಡು ಪಾಳಿಯವರೂ ಇರುವ ಹೊತ್ತಿಗೆ ಕಳಿಸಿದರೆ ಉತ್ತಮ. ಕರಡನ್ನು ಹಿಂದಿನ ದಿನವೇ ಬರೆದು ನಿಮ್ಮ ಸ್ವಂತ ಫೋನಿನಲ್ಲಿ ಇಟ್ಟುಕೊಳ್ಳಿ.

ನಮ್ಮಲ್ಲಿ ಎಲ್ಲಾ ಮೇಲೂ ಇಂಗ್ಲಿಷಲ್ಲೇ ಓಡಾಡೋದು. ಇದೊಂದನ್ನ ಕನ್ನಡದಲ್ಲಿ ಬರೆದ್ರೆ ವಿಚಿತ್ರವಾಗಿ ಕಾಣಲ್ವಾ?

ಹತ್ತು ಜನರಲ್ಲಿ ಹತ್ತೂ ಜನ ಕನ್ನಡ ಓದುವವರಾದರೆ ವಿಚಿತ್ರವೇನಿಲ್ಲ. ಊಟದ ಹೊತ್ತಿನಲ್ಲಿ ಕನ್ನಡದಲ್ಲೇ ಮಾತನಾಡಿಕೊಂಡವರಿಗೆ ಬೀಳ್ಕೊಳ್ಳುವಾಗ ಇಂಗ್ಲಿಷಿನಲ್ಲಿ ಬರೆಯುವುದೇ ವಿಚಿತ್ರ. ಆದರೆ ತಂಡದಲ್ಲಿ ಕನ್ನಡ ಓದಲಾಗದವರು ಇಬ್ಬರಿದ್ದರೂ ಅವರನ್ನು ಹೊರಗಿಟ್ಟಂತೆ ಆಗಬಾರದು. ಅಂಥ ಕಡೆ ಇಂಗ್ಲಿಷಿನಲ್ಲಿ ನಾಲ್ಕು ಸಾಲನ್ನು ಎಲ್ಲರಿಗೂ ಕಳಿಸಿ, ಕನ್ನಡದ ಪತ್ರವನ್ನು ಕನ್ನಡ ಬಲ್ಲವರಿಗೆ ಬೇರೆಯಾಗಿ ಕಳಿಸಬಹುದು. ಒಂದು ಎಚ್ಚರಿಕೆ ಮಾತ್ರ: ಒಂದನ್ನು ಇನ್ನೊಂದರಿಂದ ಸಾಲು ಸಾಲಾಗಿ ಅನುವಾದಿಸಬೇಡಿ. ಮುಂದೆ ಹೇಳಲಿರುವ ತಪ್ಪುಗಳಲ್ಲಿ ಮುಕ್ಕಾಲು ಪಾಲು ಹುಟ್ಟುವುದು ಅಲ್ಲಿಯೇ.

‘ಡಿಯರ್ ಆಲ್’ ಅನ್ನೋದಕ್ಕೆ ಕನ್ನಡದಲ್ಲಿ ಏನು ಹಾಕ್ತಾರೆ?

‘ಆತ್ಮೀಯರೇ’ ಎಂಬುದು ಹೆಚ್ಚಿನ ಕಡೆ ಒಪ್ಪುತ್ತದೆ. ‘ಗೆಳೆಯರೇ’ ಎನ್ನುವಾಗ ತಂಡದಲ್ಲಿ ಹೆಣ್ಣುಮಕ್ಕಳೂ ಇದ್ದರೆ ಕೆಲವರು ‘ಗೆಳೆಯ ಗೆಳತಿಯರೇ’ ಎಂದು ಬಿಡಿಸಿ ಬರೆಯುತ್ತಾರೆ, ಅದು ಸ್ವಲ್ಪ ವೇದಿಕೆಯ ಭಾಷಣದಂತಾಗುತ್ತದೆ. ‘ಮಾನ್ಯರೇ’ ಎಂಬುದು ಅರ್ಜಿಯ ಸಂಬೋಧನೆ, ಇಲ್ಲಿ ಬೇಡ. ‘ಪ್ರಿಯ ಎಲ್ಲರಿಗೂ’ ಎಂದು ಬರೆದದ್ದನ್ನು ಈಚೆಗೆ ಹೆಚ್ಚಾಗಿ ಕಾಣುತ್ತಿದ್ದೇನೆ. ವಿಶೇಷಣದ ಮುಂದೆ ನಾಮಪದವೇ ಇಲ್ಲದ ಈ ಸಂಬೋಧನೆ ಕನ್ನಡವಾಗುವುದಿಲ್ಲ. ಏನೂ ತೋಚದಿದ್ದರೆ ‘ಎಲ್ಲರಿಗೂ ನಮಸ್ಕಾರ’ ಎಂದು ಆರಂಭಿಸಿ, ಯಾರೂ ಬೇಸರಪಡುವುದಿಲ್ಲ.

## ಭಾಷೆ ಮತ್ತು ವ್ಯಾಕರಣ

‘ತಾವು’ ಅಂತ ಬರೀಲಾ, ‘ನೀವು’ ಅಂತ ಬರೀಲಾ? ಮಾಮೂಲಿಗೆ ಹುಡುಗರನ್ನ ‘ನೀನು’ ಅಂತೀನಿ, ಹಿರಿಯರನ್ನ ‘ಸಾರ್, ತಾವು’ ಅಂತೀನಿ.

ಎಲ್ಲರಿಗೂ ಸೇರಿಸಿ ಬರೆಯುವ ಪತ್ರದಲ್ಲಿ ‘ನೀವು’ ಒಂದೇ ಸಾಕು. ಅದು ಬಹುವಚನವೂ ಹೌದು, ಗೌರವವಾಚಕವೂ ಹೌದು. ‘ನೀನು’ ಎಂದು ಕರೆಸಿಕೊಳ್ಳುವ ಕಿರಿಯರೂ ‘ತಾವು’ ಎಂದು ಕರೆಸಿಕೊಳ್ಳುವ ಹಿರಿಯರೂ ಅದರಲ್ಲಿ ಒಟ್ಟಿಗೆ ಸೇರುತ್ತಾರೆ. ‘ತಾವು’ ಬಳಸಿದರೆ ತಪ್ಪಲ್ಲ, ಆದರೆ ಅದನ್ನು ಕೊನೆಯವರೆಗೂ ನಡೆಸಿಕೊಂಡು ಹೋಗುವವರು ಅಪರೂಪ. ‘ತಾವೆಲ್ಲರೂ ನನಗೆ ನೆರವಾದಿರಿ, ಅದಕ್ಕಾಗಿ ನಿಮಗೆ ಧನ್ಯವಾದ’ ಎಂದು ಬರೆದಾಗ ಒಂದೇ ವಾಕ್ಯದ ನಡುವೆ ಓದುವವರ ಸ್ಥಾನ ಬದಲಾಗುತ್ತದೆ. ‘ತಾವು’ ಎಂದರೆ ‘ತಮಗೆ’ ಎಂದೇ ಮುಂದುವರಿಯಬೇಕು. ಇನ್ನೊಂದು ತೊಡಕೂ ಇದೆ: ‘ಅವರು ತಾವು ಬರುವುದಾಗಿ ಹೇಳಿದರು’ ಎಂಬಲ್ಲಿ ‘ತಾವು’ ಪ್ರಥಮ ಪುರುಷಕ್ಕೂ ಬರುತ್ತದೆ. ಆದ್ದರಿಂದ ‘ಸ್ಟೋರ್ಸಿನವರು ತಮ್ಮ ಕೆಲಸ ಬಿಟ್ಟು ತಮಗಾಗಿ ಬಂದರು’ ಎಂದು ಬರೆದರೆ ಯಾರಿಗಾಗಿ ಬಂದರೆಂದು ಓದುಗರು ಊಹಿಸಬೇಕಾಗುತ್ತದೆ.

ಧನ್ಯವಾದ, ಕೃತಜ್ಞತೆ, ಅಭಿನಂದನೆ, ಆಭಾರಿ, ಎಲ್ಲಾ ಒಂದೇ ತಾನೇ?

ಒಂದೇ ಅಲ್ಲ. ‘ಅಭಿನಂದನೆ’ ಮೆಚ್ಚುಗೆಯ ಮಾತು, ಬಡ್ತಿ ಪಡೆದವರಿಗೆ, ಬಹುಮಾನ ಗೆದ್ದವರಿಗೆ ಸಲ್ಲುವಂಥದ್ದು. ‘ನಿಮ್ಮ ಸಹಕಾರಕ್ಕೆ ಅಭಿನಂದನೆಗಳು’ ಎಂದು ಬರೆದರೆ ನೀವು ಪರೀಕ್ಷಕರ ಕುರ್ಚಿಯಲ್ಲಿ ಕೂತು ಅಂಕ ಕೊಟ್ಟ ಹಾಗಾಗುತ್ತದೆ. ಉಳಿದ ಮೂರರಲ್ಲಿ ‘ಧನ್ಯವಾದ’ ದಿನಬಳಕೆಯದು, ‘ಕೃತಜ್ಞತೆ’ ಸ್ವಲ್ಪ ತೂಕದ್ದು, ‘ನಾನು ನಿಮಗೆ ಆಭಾರಿ’ ಎಂಬುದು ಒಂದು ನಿರ್ದಿಷ್ಟ ಉಪಕಾರವನ್ನು ನೆನೆಯುವಾಗ ಒಪ್ಪುವಂಥದ್ದು.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಒಂದು ಒತ್ತಕ್ಷರದಲ್ಲಿ. ‘ಕೃತಜ್ಞ’ ಎಂದರೆ ಉಪಕಾರ ನೆನೆಯುವವನು, ‘ಕೃತಘ್ನ’ ಎಂದರೆ ಉಪಕಾರವನ್ನು ಕೊಂದವನು. ‘ನಿಮಗೆ ಸದಾ ಕೃತಘ್ನನಾಗಿರುತ್ತೇನೆ’ ಎಂದು ಭಾವುಕವಾಗಿ ಬರೆದು ಕಳಿಸಿದವರಿದ್ದಾರೆ. ಹಾಗೆಯೇ ‘ಶುಭಾಷಯ’ ತಪ್ಪು. ಶುಭ ಮತ್ತು ಆಶಯ ಸೇರಿ ‘ಶುಭಾಶಯ’. ‘ಹಾರ್ಧಿಕ’ ತಪ್ಪು, ‘ಹಾರ್ದಿಕ’ ಸರಿ. ‘ವಿಧಾಯ’ ತಪ್ಪು, ‘ವಿದಾಯ’ ಸರಿ. ಅಕಾರ ಹಕಾರಗಳನ್ನು ಅದಲು ಬದಲು ಮಾಡುವ ಅಭ್ಯಾಸವಿರುವವರು ‘ನಿಮ್ಮ ಆದರ’ ಎಂಬ ಮಾತನ್ನು ಕೈಬಿಟ್ಟು ‘ನಿಮ್ಮ ಪ್ರೀತಿ’ ಎಂದು ಬರೆಯುವುದು ಕ್ಷೇಮ. ಅದಕ್ಕೊಂದು ಹಕಾರ ಸೇರಿದರೆ ಆಗುವ ಅನಾಹುತವನ್ನು ವಿವರಿಸುವ ಅಗತ್ಯವಿಲ್ಲ.

ನಾನು ಬರೆದಿರೋದು ಇದು. ತಪ್ಪೆಲ್ಲಿದೆ ಹೇಳಿ, ಸ್ವಲ್ಪ ಮನಸ್ಸಿಗೆ ಮುಟ್ಟೋ ಹಾಗೆ ತಿದ್ದಿಕೊಡಿ.

ಹೀಗೆ ಕೇಳಿದವರು ಒಂದು ಕಾರ್ಖಾನೆಯ ಡಿಸ್ಪ್ಯಾಚ್ ವಿಭಾಗದಲ್ಲಿ ಮೇಲ್ವಿಚಾರಕಿಯಾಗಿದ್ದವರು. ಅವರ ಒಪ್ಪಿಗೆ ಪಡೆದು, ಹೆಸರುಗಳ ಬದಲು ಕೆಲಸದ ಗುರುತುಗಳನ್ನಷ್ಟೇ ಇಟ್ಟು, ಆ ಪತ್ರವನ್ನು ಇಲ್ಲಿ ಕೊಡುತ್ತಿದ್ದೇನೆ. ಅವರು ತಂದದ್ದು ಹೀಗಿತ್ತು:

> ಎಲ್ಲರಿಗೂ ನಮಸ್ಕಾರ. ಇಂದು ನಾನು ನನ್ನ ಕೊನೆಯ ಕೆಲಸದ ದಿನವಾಗಿದೆ. ಕಳೆದ ಒಂಬತ್ತು ವರ್ಷದಿಂದ ಈ ಅದ್ಭುತವಾದ ತಂಡದ ಒಂದು ಭಾಗವಾಗಿರುವುದು ನನ್ನ ಸೌಭಾಗ್ಯವಾಗಿದೆ. ತಾವೆಲ್ಲರೂ ನನಗೆ ತುಂಬಾ ಸಪೋರ್ಟ್ ಮಾಡಿದ್ದೀರ, ಅದಕ್ಕಾಗಿ ನಿಮ್ಮೆಲ್ಲರನ್ನು ಕೃತಜ್ಞತೆಗಳನ್ನು ಸಲ್ಲಿಸಲು ಇಷ್ಟಪಡುತ್ತೇನೆ. ನಿಮ್ಮಿಂದ ಅನೇಕ ವಿಷಯಗಳು ಕಲಿತಿದ್ದೇನೆ. ನನ್ನಿಂದ ಏನಾದರು ತಪ್ಪಾಗಿದ್ದರೆ ಕ್ಷಮೆ ಇರಲಿ. ಎಲ್ಲರನ್ನೂ ತುಂಬಾ ಮಿಸ್ ಮಾಡಿಕೊಳ್ಳುತ್ತೇನೆ. ನಿಮ್ಮೆಲ್ಲರಿಗೂ ಬೀಳ್ಕೊಡುತ್ತಾ, ಮುಂದಿನ ಭವಿಷ್ಯಕ್ಕೆ ಶುಭಾಶಯಗಳು. ಸಂಪರ್ಕದಲ್ಲಿರೋಣ.

ಮೊದಲನೆಯ ವಾಕ್ಯದಲ್ಲಿ ಕರ್ತೃ ಎರಡಾಗಿವೆ. ‘ನಾನು’ ಎಂದು ಆರಂಭಿಸಿ ‘ದಿನವಾಗಿದೆ’ ಎಂದು ಮುಗಿಸಿದರೆ ನಾನೇ ದಿನವಾದಂತಾಯಿತು. ‘ಕೊನೆಯ ಕೆಲಸದ ದಿನ’ ಎಂಬಲ್ಲಿ ‘ಕೊನೆಯ’ ಎಂಬುದು ಕೆಲಸಕ್ಕೆ ಅಂಟಿಕೊಳ್ಳುತ್ತದೆ; ಕೊನೆಯದು ದಿನವೇ ಹೊರತು ಕೆಲಸವಲ್ಲ. ‘ಇಂದು ಇಲ್ಲಿ ನನ್ನ ಕೆಲಸದ ಕೊನೆಯ ದಿನ’ ಎಂದರೆ ಮುಗಿಯಿತು. ‘ಆಗಿದೆ’ ಬೇಕಿಲ್ಲ. ಎರಡನೆಯ ವಾಕ್ಯದಲ್ಲಿ ‘ವರ್ಷದಿಂದ’ ಎಂಬುದು ಇನ್ನೂ ನಡೆಯುತ್ತಿರುವ ಕೆಲಸಕ್ಕೆ ಬರುವ ರೂಪ, ಇಲ್ಲಿ ಕೆಲಸ ಇಂದಿಗೆ ಮುಗಿಯುತ್ತಿದೆ. ‘ಒಂಬತ್ತು ವರ್ಷ ಕೆಲಸ ಮಾಡಿದೆ’ ಎಂಬ ಸರಳ ಭೂತಕಾಲವೇ ಸರಿಯಾದದ್ದು. ‘ತಂಡದ ಭಾಗವಾಗಿರುವುದು’ ಇಂಗ್ಲಿಷಿನ ಅಚ್ಚು. ನಾವು ‘ನಿಮ್ಮ ಜೊತೆ ಇದ್ದೆ’ ಎನ್ನುತ್ತೇವೆ.

‘ನಿಮ್ಮೆಲ್ಲರನ್ನು ಕೃತಜ್ಞತೆಗಳನ್ನು’ ಎಂಬಲ್ಲಿ ದ್ವಿತೀಯಾ ವಿಭಕ್ತಿ ಎರಡು ಸಲ ಬಂದಿದೆ. ಸಲ್ಲಿಸುವುದು ಯಾರಿಗೆ ಎಂಬ ಪ್ರಶ್ನೆಗೆ ಉತ್ತರ ಚತುರ್ಥಿಯಲ್ಲಿರಬೇಕು: ನಿಮ್ಮೆಲ್ಲರಿಗೆ. ಕೃತಜ್ಞತೆ ಭಾವವಾಚಕ, ಅದಕ್ಕೆ ಬಹುವಚನ ಬೇಡ. ‘ಸಲ್ಲಿಸಲು ಇಷ್ಟಪಡುತ್ತೇನೆ’ ಎಂದವರು ಇನ್ನೂ ಸಲ್ಲಿಸಿಲ್ಲ, ಬರೀ ಇಷ್ಟಪಟ್ಟಿದ್ದಾರೆ! ಬರವಣಿಗೆಯಲ್ಲಿ ‘ಮಾಡಿದ್ದೀರ’ ಎಂಬುದು ‘ಮಾಡಿದ್ದೀರಿ’ ಆಗಬೇಕು.

‘ವಿಷಯಗಳು ಕಲಿತಿದ್ದೇನೆ’ ಎಂಬ ತಪ್ಪು ಆಡುಮಾತಿನ ಅಭ್ಯಾಸದಿಂದ ಬಂದದ್ದು. ‘ಪುಸ್ತಕ ಓದಿದೆ’, ‘ಕೆಲಸ ಕಲಿತೆ’ ಎಂಬಲ್ಲಿ ಏಕವಚನದ ನಪುಂಸಕ ಪದಕ್ಕೆ ‘ಅನ್ನು’ ಬಿಟ್ಟರೂ ನಡೆಯುತ್ತದೆ. ಆದರೆ ‘ಗಳು’ ಎಂದು ಬಹುವಚನ ಹಚ್ಚಿದ ಮೇಲೆ ಬರವಣಿಗೆಯಲ್ಲಿ ‘ಗಳನ್ನು’ ಬೇಕೇ ಬೇಕು. ‘ಏನಾದರು’ ಎಂಬುದು ದೀರ್ಘವಿಲ್ಲದೆ ನಿಂತರೆ ‘ಅವರು ಏನಾದರು’ ಎಂಬ ಪ್ರಶ್ನೆಯ ತುಂಡಾಗುತ್ತದೆ. ಇಲ್ಲಿ ‘ಏನಾದರೂ’ ಬೇಕು.

ಕೊನೆಯ ಭಾಗದ ತಪ್ಪು ಹೆಚ್ಚು ಕುತೂಹಲದ್ದು. ಬೀಳ್ಕೊಡುವವರು ಉಳಿಯುವವರು, ಬೀಳ್ಕೊಳ್ಳುವವರು ಹೋಗುವವರು. ಆದ್ದರಿಂದಲೇ ‘ಬೀಳ್ಕೊಡುಗೆ ಸಮಾರಂಭ’ವನ್ನು ತಂಡದವರು ಏರ್ಪಡಿಸುತ್ತಾರೆ. ಹೋಗುವವರೇ ‘ಬೀಳ್ಕೊಡುತ್ತಾ’ ಎಂದು ಬರೆದರೆ ತಂಡದವರನ್ನೆಲ್ಲ ಮನೆಗೆ ಕಳಿಸಿದಂತಾಗುತ್ತದೆ. ಮೇಲಾಗಿ ‘ಬೀಳ್ಕೊಡುತ್ತಾ’ ಎಂಬ ಅಪೂರ್ಣ ಕ್ರಿಯೆಗೆ ಮುಂದೆ ಪೂರ್ಣ ಕ್ರಿಯಾಪದವೇ ಇಲ್ಲ. ‘ಮಾಡುತ್ತಾ’, ‘ಹೇಳುತ್ತಾ’, ‘ಕೋರುತ್ತಾ’ ಎಂದು ಬರೆದಾಗಲೆಲ್ಲ ಅದೇ ಕರ್ತೃ ಮುಂದೆ ಮತ್ತೇನು ಮಾಡಿದನೆಂದು ಹೇಳಿಯೇ ವಾಕ್ಯ ಮುಗಿಸಬೇಕು. ವೇದಿಕೆಯ ಭಾಷಣಗಳಿಂದ ಬಂದ ಈ ನೇತಾಡುವ ‘ಉತ್ತಾ’ ವಿದಾಯ ಪತ್ರಗಳ ಖಾಯಂ ಅತಿಥಿ. ‘ಮುಂದಿನ ಭವಿಷ್ಯ’ದಲ್ಲಿ ಒಂದು ಪದ ಹೆಚ್ಚು, ಹಿಂದಿನ ಭವಿಷ್ಯ ಎಂಬುದಿಲ್ಲ.

ಇಷ್ಟನ್ನೆಲ್ಲ ತಿದ್ದಿದರೂ ಆ ಪತ್ರ ಯಾರು ಯಾರಿಗಾದರೂ ಕಳಿಸಬಹುದಾದ ಪತ್ರವಾಗಿಯೇ ಉಳಿಯುತ್ತಿತ್ತು. ಆದ್ದರಿಂದ ನಾನು ಅವರನ್ನು ಮೂರು ಪ್ರಶ್ನೆ ಕೇಳಿದೆ. ‘ತುಂಬಾ ಸಪೋರ್ಟ್’ ಎಂದಿರಲ್ಲ, ಯಾವ ದಿನ, ಯಾರು, ಏನು ಮಾಡಿದರು? ‘ಅನೇಕ ವಿಷಯ’ ಎಂದಿರಲ್ಲ, ಒಂದನ್ನು ಹೇಳಿ. ‘ಏನಾದರೂ ತಪ್ಪು’ ಎಂದರೆ ನಿಮ್ಮ ಮನಸ್ಸಿನಲ್ಲಿ ಯಾವುದಿದೆ? ಅವರು ಹೇಳಿದ್ದನ್ನು ಅವರ ಮಾತಿನಲ್ಲಿಯೇ ಇಟ್ಟಾಗ ಪತ್ರ ಹೀಗಾಯಿತು:

> ಆತ್ಮೀಯರೇ,
>
> ಇಂದು ಇಲ್ಲಿ ನನ್ನ ಕೆಲಸದ ಕೊನೆಯ ದಿನ. ಡಿಸ್ಪ್ಯಾಚ್‌ನಲ್ಲಿ ನಿಮ್ಮ ಜೊತೆ ಒಂಬತ್ತು ವರ್ಷ ಕೆಲಸ ಮಾಡಿದೆ.
>
> ಬಂದ ಹೊಸದರಲ್ಲಿ ಡೆಲಿವರಿ ಚಲನ್‌ಗೂ ಲಾರಿ ರಸೀದಿಗೂ ಇರುವ ವ್ಯತ್ಯಾಸ ನನಗೆ ತಿಳಿಯುತ್ತಿರಲಿಲ್ಲ. ಸ್ಟೋರ್ಸಿನ ಹಿರಿಯರು ಬೇಸರಿಸದೆ ಹೇಳಿಕೊಟ್ಟರು. 2018ರ ಏಪ್ರಿಲ್‌ನಲ್ಲಿ ಇ-ವೇ ಬಿಲ್ ಬಂದ ಮೊದಲ ವಾರ ಗೇಟಿನ ಒಳಗೆ ಲಾರಿಗಳು ಸಾಲಾಗಿ ನಿಂತಿದ್ದಾಗ, ಪ್ಯಾಕಿಂಗ್‌ನ ನೀವು ನಾಲ್ವರೂ ಪಾಳಿ ಮುಗಿದ ಮೇಲೂ ಉಳಿದು ಒಂದೊಂದೇ ವಾಹನದ ಸಂಖ್ಯೆ ಓದಿ ಹೇಳಿದಿರಿ, ನಾನು ಟೈಪ್ ಮಾಡಿದೆ. ಅಮ್ಮ ಆಸ್ಪತ್ರೆಯಲ್ಲಿದ್ದಾಗ ನಾನು ಕೇಳುವ ಮೊದಲೇ ನನ್ನ ಪಾಳಿಗಳನ್ನು ಹಂಚಿಕೊಂಡಿರಿ. ಇದಕ್ಕೆಲ್ಲ ನಾನು ನಿಮಗೆ ಆಭಾರಿ.
>
> ತಿಂಗಳ ಕೊನೆಯ ಗಡಿಬಿಡಿಯಲ್ಲಿ ಲೋಡಿಂಗ್‌ನವರ ಮೇಲೆ ದನಿ ಎತ್ತಿದ್ದುಂಟು. ಮನಸ್ಸಿಗೆ ನೋವಾಗಿದ್ದರೆ ಮನ್ನಿಸಿ.
>
> ಬಾಕಿ ಚಲನ್‌ಗಳ ಕಡತ ನನ್ನ ಮೇಜಿನ ಎಡಗಡೆಯ ಖಾನೆಯಲ್ಲಿದೆ. ನನ್ನ ಮೊಬೈಲ್ ಸಂಖ್ಯೆ ಬದಲಾಗುವುದಿಲ್ಲ. ಹಳೆಯ ಸಾಗಣೆದಾರರ ಲೆಕ್ಕದಲ್ಲಿ ತೊಡಕಾದರೆ ಸಂಜೆ ಆರರ ಮೇಲೆ ಕರೆ ಮಾಡಿ.
>
> ಎಲ್ಲರಿಗೂ ಧನ್ಯವಾದಗಳು. ಹೋಗಿ ಬರುತ್ತೇನೆ.

ಇದರಲ್ಲಿ ‘ಅದ್ಭುತ’, ‘ಸೌಭಾಗ್ಯ’, ‘ತುಂಬಾ’ ಒಂದೂ ಉಳಿದಿಲ್ಲ. ಇ-ವೇ ಬಿಲ್‌ನ ಸಾಲನ್ನು ಹೊರಗಿನವರು ಓದಿದರೆ ಏನೂ ಅನಿಸದೇ ಇರಬಹುದು, ಆ ವಾರ ಗೇಟಿನಲ್ಲಿದ್ದವರಿಗೆ ಅದು ತಮ್ಮದೇ ಸಾಲು. ‘ಮಿಸ್ ಮಾಡಿಕೊಳ್ಳುತ್ತೇನೆ’ ಎಂಬುದಕ್ಕೆ ಬದಲಾಗಿ ಏನನ್ನೂ ಹಾಕಲಿಲ್ಲ, ಏಕೆಂದರೆ ನೆನಪುಗಳನ್ನು ಹೇಳಿದ ಮೇಲೆ ನೆನಪಾಗುತ್ತದೆ ಎಂದು ಬೇರೆ ಹೇಳಬೇಕಿಲ್ಲ. ಹೇಳಲೇಬೇಕೆನಿಸಿದರೆ ‘ನಿಮ್ಮ ನೆನಪು ಬರುತ್ತಿರುತ್ತದೆ’ ಎಂದು ಬರೆಯಬಹುದು.

ವ್ಯಾಕರಣ ಎಲ್ಲಾ ಸರಿಯಿದೆ ಅಂದ್ರು, ಆದ್ರೆ ಓದಿದವರು ‘ಸುತ್ತೋಲೆ ಥರ ಇದೆ’ ಅಂದ್ರು. ಯಾಕೆ?

ನಾಲ್ಕು ಕಡೆ ಹುಡುಕಿ ನೋಡಿ. ಒಂದು, ವಾಕ್ಯದ ಕೊನೆಯ ‘ಆಗಿದೆ’ ಮತ್ತು ‘ಇರುತ್ತದೆ’: ‘ನೀವು ನನ್ನ ಕುಟುಂಬವಾಗಿದ್ದೀರಿ’ ಎಂಬುದಕ್ಕಿಂತ ‘ನೀವು ನನಗೆ ಮನೆಯವರ ಹಾಗೆ’ ಎಂಬುದು ಕನ್ನಡ. ಎರಡು, ‘ಲ್ಪಟ್ಟ’ ರೂಪಗಳು: ‘ನಿಮ್ಮಿಂದ ನೀಡಲ್ಪಟ್ಟ ಪ್ರೋತ್ಸಾಹ’ ಎಂದು ಬರೆದಾಗ ಕೊಟ್ಟವರು ವಾಕ್ಯದ ಹಿಂಬದಿಗೆ ಸರಿಯುತ್ತಾರೆ, ‘ನೀವು ಕೊಟ್ಟ ಪ್ರೋತ್ಸಾಹ’ ಎಂದರೆ ಮುಂದೆ ಬರುತ್ತಾರೆ. ಮೂರು, ‘ಈ ಮೂಲಕ’, ‘ವತಿಯಿಂದ’, ‘ಸದರಿ’, ‘ಮೇರೆಗೆ’ ಎಂಬ ಕಚೇರಿಯ ಪದಗಳು. ನಾಲ್ಕು, ಒಂದರ ಮೇಲೊಂದು ಕಟ್ಟಿದ ಸಂಸ್ಕೃತ ಜೋಡಿಗಳು: ‘ಅಭೂತಪೂರ್ವ ಸಹಕಾರ’, ‘ಅವಿಸ್ಮರಣೀಯ ಕ್ಷಣಗಳು’, ‘ಅಮೂಲ್ಯ ಮಾರ್ಗದರ್ಶನ’. ಇವುಗಳಲ್ಲಿ ತಪ್ಪೇನಿಲ್ಲ. ಆದರೆ ಇವು ಸನ್ಮಾನ ಪತ್ರದಲ್ಲೂ ಬರುತ್ತವೆ, ಚುನಾವಣೆಯ ಕರಪತ್ರದಲ್ಲೂ ಬರುತ್ತವೆ. ಓದುವವರ ಕಣ್ಣು ಅವುಗಳ ಮೇಲೆ ನಿಲ್ಲುವುದಿಲ್ಲ. ಒಂದು ಪತ್ರದಲ್ಲಿ ಇಂಥ ಒಂದು ಜೋಡಿಯನ್ನು ಸಹಿಸಬಹುದು.

ನಾವು ಧಾರವಾಡ ಕಡೆಯೋರು. ಆಫೀಸಿನ್ಯಾಗ ಹೆಂಗ ಮಾತಾಡ್ತೀವೋ ಹಂಗ ಬರದ್ರ ನಡೀತದೇನು?

ತಂಡದವರೆಲ್ಲ ಅದೇ ಮಾತಿನವರಾದರೆ ಖಂಡಿತ ನಡೆಯುತ್ತದೆ, ಮಂಗಳೂರಿನವರಿಗೂ ಕುಂದಾಪುರದವರಿಗೂ ಇದೇ ಉತ್ತರ. ನಡೆಯದಿರುವುದು ಕಲಬೆರಕೆ. ‘ನಾನು ನಿಮ್ಮಿಂದ ಬಹಳಷ್ಟನ್ನು ಕಲಿತಿದ್ದೇನೆ, ಅದನ್ನ ಯಾವತ್ತೂ ಮರೆಯಂಗಿಲ್ಲ, ಆಭಾರಿಯಾಗಿರುತ್ತೇನೆ’ ಎಂಬ ವಾಕ್ಯದಲ್ಲಿ ಬರೆಯುವವರು ನಡುವೆ ಮನೆಗೆ ಹೋಗಿ ಬಂದಂತಿದೆ. ಪತ್ರದ ಮೈಯನ್ನು ಗ್ರಾಂಥಿಕ ರೂಪದಲ್ಲಿ ಬರೆದು, ತಂಡದಲ್ಲಿ ಯಾರಾದರೂ ಆಡಿದ ಮಾತನ್ನು ಉದ್ಧರಣ ಚಿಹ್ನೆಯೊಳಗೆ ಅವರ ನುಡಿಯಲ್ಲಿಯೇ ಇಟ್ಟರೆ ಎರಡೂ ಉಳಿಯುತ್ತವೆ. ‘ಚಿಂತಿ ಮಾಡಬ್ಯಾಡ್ರಿ, ನಾ ಅದೀನಿ’ ಎಂದು ಹಿರಿಯ ಸಹೋದ್ಯೋಗಿ ಹೇಳಿದ್ದನ್ನು ಶಿಷ್ಟ ಕನ್ನಡಕ್ಕೆ ತಿರುಗಿಸುವುದು ಅವರಿಗೆ ಮಾಡುವ ಅನ್ಯಾಯ.

## ಸೂಕ್ಷ್ಮ ಸಂದರ್ಭಗಳು

ಯಾರ ಹೆಸರು ಹಾಕೋದು, ಯಾರದನ್ನ ಬಿಡೋದು? ಒಬ್ಬರದು ಬಿಟ್ರೂ ಬೇಜಾರಾಗ್ತಾರೆ.

ಐದಾರು ಜನರ ತಂಡವಾದರೆ ಎಲ್ಲರ ಹೆಸರೂ ಇರಲಿ, ಪ್ರತಿಯೊಬ್ಬರಿಗೂ ಅರ್ಧ ಸಾಲು ಸಾಕು. ಅದಕ್ಕಿಂತ ದೊಡ್ಡ ತಂಡದಲ್ಲಿ ಹೆಸರುಗಳನ್ನು ಪೂರ್ತಿ ಬಿಟ್ಟು, ಮೇಲಿನ ಪತ್ರದಲ್ಲಿ ಮಾಡಿದಂತೆ, ಘಟನೆಗಳನ್ನು ಹೇಳಿ. ಘಟನೆಯಲ್ಲಿದ್ದವರು ತಮ್ಮನ್ನು ತಾವೇ ಗುರುತಿಸಿಕೊಳ್ಳುತ್ತಾರೆ. ಮೂವರ ಹೆಸರು ಬರೆದು ‘ಹಾಗೂ ಇತರರು’ ಎಂದು ಮುಗಿಸುವುದು ಎಲ್ಲಕ್ಕಿಂತ ಕೆಟ್ಟ ದಾರಿ.

ಇಲ್ಲೊಂದು ಪುರುಷದ ಪ್ರಶ್ನೆಯಿದೆ. ‘ಪ್ಯಾಕಿಂಗ್‌ನವರು ಉಳಿದು ನೆರವಾದರು’ ಎಂದರೆ ಪತ್ರವನ್ನು ಓದುತ್ತಿರುವವರನ್ನೇ ಹೊರಗಿನವರಂತೆ ಹೇಳಿದಂತಾಗುತ್ತದೆ. ‘ಪ್ಯಾಕಿಂಗ್‌ನ ನೀವು ನಾಲ್ವರೂ ಉಳಿದಿರಿ’ ಎಂದರೆ ಅವರತ್ತ ತಿರುಗಿ ಮಾತನಾಡಿದಂತಿರುತ್ತದೆ. ಒಬ್ಬ ವ್ಯಕ್ತಿಯನ್ನು ಕುರಿತು ಹೇಳುವಾಗ ಮಾತ್ರ ಪ್ರಥಮ ಪುರುಷವೇ ಸಹಜ, ಏಕೆಂದರೆ ಉಳಿದವರೂ ಅದನ್ನು ಓದುತ್ತಿರುತ್ತಾರೆ. ಹಾಗೆ ಬರೆಯುವಾಗ ಕಿರಿಯರಿಗೂ ‘ಅವನು, ಅವಳು’ ಬೇಡ. ಎದುರಿಗೆ ಏಕವಚನದಲ್ಲಿ ಕರೆಯುವ ಹುಡುಗನೂ ಎಲ್ಲರೂ ಓದುವ ಕಾಗದದಲ್ಲಿ ‘ಅವರು’ ಆಗಬೇಕು.

‘ನನ್ನಿಂದ ತಪ್ಪಾಗಿದ್ದರೆ ಕ್ಷಮಿಸಿ’ ಅಂತ ಬರೀಲೇಬೇಕಾ? ನಾನೇನೂ ತಪ್ಪು ಮಾಡಿಲ್ಲ.

ಕನ್ನಡದ ವಿದಾಯದಲ್ಲಿ ಆ ಸಾಲು ವಾಡಿಕೆಯಾಗಿ ಬರುತ್ತದೆ, ಓದುವವರೂ ಅದನ್ನು ತಪ್ಪೊಪ್ಪಿಗೆ ಎಂದು ತಿಳಿಯುವುದಿಲ್ಲ. ಇಟ್ಟರೂ ಸರಿ, ಬಿಟ್ಟರೂ ಸರಿ. ಆದರೆ ನಿಜವಾಗಿಯೂ ಯಾರೊಡನೆಯೋ ಜಗಳವಾಗಿದ್ದರೆ, ಎಲ್ಲರಿಗೂ ಹೋಗುವ ಪತ್ರದಲ್ಲಿ ಅವರಿಂದ ಕ್ಷಮೆ ಕೇಳಬೇಡಿ. ಉಳಿದವರು ಅದನ್ನೇ ಊಟದ ಹೊತ್ತಿನ ಮಾತಾಗಿಸುತ್ತಾರೆ. ಆ ಮಾತನ್ನು ಎದುರಿಗೇ ಆಡಬೇಕು.

ನಾನಾಗೇ ಬಿಟ್ಟಿಲ್ಲ, ಕೆಲಸದಿಂದ ತೆಗೆದಿದ್ದಾರೆ. ಆಗ ಏನಂತ ಬರೀಲಿ?

ಕಾರಣವನ್ನು ಬರೆಯುವ ಅಗತ್ಯವಿಲ್ಲ, ಸುಳ್ಳು ಕಾರಣವನ್ನಂತೂ ಬರೆಯಲೇಬೇಡಿ. ‘ಹೊಸ ಅವಕಾಶವನ್ನು ಅರಸಿ ಹೊರಟಿದ್ದೇನೆ’ ಎಂದು ಬರೆದರೆ ವಿಷಯ ತಿಳಿದವರು ಮುಜುಗರಪಡುತ್ತಾರೆ. ‘ಇಂದು ಇಲ್ಲಿ ನನ್ನ ಕೊನೆಯ ದಿನ’ ಎಂಬ ವಾಕ್ಯದಲ್ಲಿ ಯಾರು ಯಾರನ್ನು ಬಿಟ್ಟರು ಎಂಬುದು ಇಲ್ಲ. ಈ ಸಂದರ್ಭಕ್ಕೆ ಅದೇ ಅನುಕೂಲ. ಸಂಸ್ಥೆಗೆ ಧನ್ಯವಾದ ಹೇಳಲು ಮನಸ್ಸಿಲ್ಲದಿದ್ದರೆ ಹೇಳಬೇಡಿ, ಜೊತೆಗೆ ಕೆಲಸ ಮಾಡಿದವರಿಗೆ ಹೇಳಿ. ಒಗಟಿನ ಚುಚ್ಚುಮಾತುಗಳನ್ನು ತೆಗೆದುಹಾಕಿ: ‘ಕೆಲವರ ಕೃಪೆಯಿಂದ’, ‘ಕಾಲವೇ ಉತ್ತರಿಸುತ್ತದೆ’ ಎಂಬಂಥವು ಬರೆದವರಿಗೆ ಒಂದು ಸಂಜೆಯ ತೃಪ್ತಿ ಕೊಡಬಹುದು, ಅದರ ಸ್ಕ್ರೀನ್‌ಶಾಟ್ ಮಾತ್ರ ಮುಂದಿನ ಕೆಲಸದ ವಿಚಾರಣೆಯ ಹೊತ್ತಿಗೂ ಇರುತ್ತದೆ. ಪತ್ರ ಬರೆಯದೆ ಹೋಗುವುದೂ ಒಂದು ದಾರಿ. ಆಪ್ತರಾದ ನಾಲ್ವರಿಗೆ ಫೋನ್ ಮಾಡಿದರೆ ಸಾಕು.

ನಮ್ಮ ತಂದೆ ಸರ್ಕಾರಿ ಕಚೇರಿಯಿಂದ ರಿಟೈರ್ ಆಗ್ತಿದ್ದಾರೆ. ಅವರ ಪತ್ರಕ್ಕೂ ಇದೇ ಮಾದರಿ ಆಗುತ್ತಾ?

ಆಧಾರ ಅದೇ, ಕೆಲವು ಮಾತು ಬೇರೆ. ಕರ್ನಾಟಕದಲ್ಲಿ ರಾಜ್ಯ ಸರ್ಕಾರದ ನೌಕರರು 60 ವರ್ಷ ತುಂಬುವ ತಿಂಗಳ ಕೊನೆಯ ದಿನ ನಿವೃತ್ತರಾಗುತ್ತಾರೆ, ಒಂದನೆಯ ತಾರೀಖಿನಂದು ಹುಟ್ಟಿದವರು ಅದರ ಹಿಂದಿನ ತಿಂಗಳ ಕೊನೆಯ ದಿನವೇ. ಆದ್ದರಿಂದ ‘ವಯೋನಿವೃತ್ತಿ ಹೊಂದುತ್ತಿದ್ದೇನೆ’ ಎಂಬುದು ಸರಿಯಾದ ಮಾತು. ಇಲ್ಲಿ ‘ಕೆಲಸ ಬಿಡುತ್ತಿದ್ದೇನೆ’ ಎಂದರೆ ಸ್ವಯಂ ನಿವೃತ್ತಿಯೋ ಎಂದು ಜನ ಕೇಳುತ್ತಾರೆ. ‘ನಿವೃತಿ’ ಎಂದು ಒತ್ತು ಬಿಡುವುದು ಆಹ್ವಾನ ಪತ್ರಿಕೆಗಳಲ್ಲೂ ಕಾಣುವ ತಪ್ಪು.

ಮೂವತ್ತು ವರ್ಷದ ಸೇವೆ ಮುಗಿಸುವವರ ಕರಡುಗಳಲ್ಲಿ ಎದ್ದು ಕಾಣುವ ದೋಷವೆಂದರೆ ಸೇವಾ ಪುಸ್ತಕವನ್ನು ನಕಲು ಮಾಡುವುದು. ಯಾವ ವರ್ಷ ಯಾವ ತಾಲ್ಲೂಕಿಗೆ ವರ್ಗವಾಯಿತು, ಯಾವಾಗ ಪ್ರಥಮ ದರ್ಜೆ ಸಹಾಯಕರಾದರು ಎಂಬ ಪಟ್ಟಿಯನ್ನು ಸಮಾರಂಭದಲ್ಲಿ ನಿರೂಪಕರು ಓದುತ್ತಾರೆ. ಪತ್ರದಲ್ಲಿ ಈಗಿನ ಕಚೇರಿಯ ಈಗಿನ ಜೊತೆಗಾರರ ಮಾತು ಇರಲಿ. ‘ನಾನು ನಿಷ್ಠೆಯಿಂದ ಪ್ರಾಮಾಣಿಕವಾಗಿ ಸೇವೆ ಸಲ್ಲಿಸಿರುತ್ತೇನೆ’ ಎಂಬುದು ಇನ್ನೊಬ್ಬರು ಹೇಳಬೇಕಾದ ವಾಕ್ಯ. ಅಟೆಂಡರ್, ಚಾಲಕರು, ಶುಚಿತ್ವದ ಕೆಲಸದವರು ಇಂಥ ಪತ್ರಗಳಲ್ಲಿ ಬಿಟ್ಟುಹೋಗುವುದೇ ಹೆಚ್ಚು. ತಂದೆಯವರಿಗೆ ಒಮ್ಮೆ ನೆನಪಿಸಿ.

ಕೊನೇ ಸಾಲಲ್ಲಿ ‘ಗುಡ್ ಬೈ’ ಹಾಕಿದ್ರೆ ಏನೋ ಒಂಥರಾ ಅನ್ಸುತ್ತೆ. ‘ಹೋಗುತ್ತೇನೆ’ ಅಂದ್ರೂ ಸರಿಯಿಲ್ಲ ಅಂತಾರೆ ಅಮ್ಮ.

ನಿಮ್ಮ ತಾಯಿ ಹೇಳುವುದು ಸರಿ. ನಮ್ಮಲ್ಲಿ ಹೊರಡುವವರು ‘ಬರುತ್ತೇನೆ’ ಎನ್ನುತ್ತಾರೆ, ‘ಹೋಗಿ ಬರುತ್ತೇನೆ’ ಎನ್ನುತ್ತಾರೆ. ಮರಳಿ ಆ ಕಚೇರಿಗೆ ಬರುವುದಿಲ್ಲ ಎಂದು ಎಲ್ಲರಿಗೂ ತಿಳಿದಿದ್ದರೂ ಆ ಮಾತು ಸುಳ್ಳಾಗುವುದಿಲ್ಲ. ಅದರ ಕೆಳಗೆ ‘ಇಂತಿ ನಿಮ್ಮ’ ಎಂದು ಬರೆದು ತಂಡದಲ್ಲಿ ನಿಮ್ಮನ್ನು ಏನೆಂದು ಕರೆಯುತ್ತಾರೋ ಅದೇ ಹೆಸರನ್ನು ಹಾಕಿ. ಹುದ್ದೆ, ನೌಕರರ ಸಂಖ್ಯೆ, ಕಂಪನಿಯ ಲಾಂಛನವಿರುವ ಸಿದ್ಧ ಸಹಿ ಮೇಲ್‌ನ ಕೆಳಗೆ ತಾನಾಗಿಯೇ ಅಂಟಿಕೊಳ್ಳುತ್ತದೆ, ಅದನ್ನು ಅಳಿಸಿ. ‘ತಮ್ಮ ವಿಧೇಯ’ ಎಂಬುದು ರಜೆ ಅರ್ಜಿಗೆ ಇರಲಿ.

ನುಡಿಯಲ್ಲಿ ಟೈಪ್ ಮಾಡಿ ಮೇಲ್‌ಗೆ ಹಾಕಿದ್ರೆ ಏನೇನೋ ಅಕ್ಷರ ಬರುತ್ತೆ. ಕಳಿಸಿದ ಮೇಲೆ ತಪ್ಪು ಕಂಡ್ರೆ ಏನು ಮಾಡೋದು?

ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಮೇಲ್‌ಗೆ ಅಂಟಿಸಿದರೆ, ಆ ಫಾಂಟ್ ಇಲ್ಲದ ಕಡೆ ಅದು ರೋಮನ್ ಅಕ್ಷರ ಮತ್ತು ಚಿಹ್ನೆಗಳ ರಾಶಿಯಾಗಿ ಕಾಣುತ್ತದೆ. ‘ನುಡಿ’ ಮತ್ತು ‘ಬರಹ’ ಎಂಬ ಎರಡೂ ತಂತ್ರಾಂಶಗಳಲ್ಲಿ ಯೂನಿಕೋಡ್ ಆಯ್ಕೆಯಿದೆ, ಅದನ್ನು ಆರಿಸಿಕೊಂಡೇ ಬರೆಯಿರಿ. ಇಲ್ಲವೇ ಫೋನಿನ ಕನ್ನಡ ಕೀಲಿಮಣೆಯಲ್ಲಿ ಬರೆಯಿರಿ. ಫೋನಿಗೆ ಮಾತನಾಡಿ ಬರೆಸುವವರು ‘ನೆನೆ’ ಮತ್ತು ‘ನೆನ್ನೆ’, ‘ಕೊಡಿ’ ಮತ್ತು ‘ಕೋಡಿ’ ಇಂಥ ಜೋಡಿಗಳನ್ನು ಕಣ್ಣಿಟ್ಟು ನೋಡಬೇಕು. ಮೊದಲು ನಿಮಗೇ ಒಮ್ಮೆ ಕಳಿಸಿಕೊಂಡು, ಗಟ್ಟಿಯಾಗಿ ಓದಿ, ಆಮೇಲೆ ತಂಡಕ್ಕೆ ಕಳಿಸಿ. ನಾಲಿಗೆ ತಡವರಿಸುವ ಕಡೆಯೇ ಸಾಮಾನ್ಯವಾಗಿ ವಿಭಕ್ತಿ ತಪ್ಪಿರುತ್ತದೆ.

ಕಳಿಸಿದ ಮೇಲೆ ಕಂಡ ತಪ್ಪನ್ನು ವಾಟ್ಸ್‌ಆ್ಯಪ್‌ನಲ್ಲಿ 15 ನಿಮಿಷದೊಳಗೆ ತಿದ್ದಬಹುದು. ಜಿಮೇಲ್‌ನಲ್ಲಿ ಕಳಿಸಿದ್ದನ್ನು ಹಿಂದಕ್ಕೆ ಪಡೆಯುವ ಅವಧಿಯನ್ನು ಸೆಟ್ಟಿಂಗ್ಸ್‌ನಲ್ಲಿ ಹೆಚ್ಚೆಂದರೆ 30 ಸೆಕೆಂಡಿಗೆ ಇಟ್ಟುಕೊಳ್ಳಬಹುದು, ಕೊನೆಯ ದಿನಕ್ಕೆ ಮೊದಲೇ ಇಟ್ಟುಕೊಳ್ಳಿ. ಅದೂ ಮೀರಿದರೆ, ದೀರ್ಘವೋ ಒತ್ತೋ ಬಿಟ್ಟುಹೋದದ್ದಕ್ಕೆ ತಿದ್ದುಪಡಿಯ ಎರಡನೆಯ ಪತ್ರ ಕಳಿಸಬೇಡಿ. ಯಾರದೋ ಹೆಸರು ತಪ್ಪಾಗಿದ್ದರೆ, ಅಥವಾ ‘ಕೃತಘ್ನ’ ಎಂದೇ ಹೋಗಿಬಿಟ್ಟಿದ್ದರೆ ಮಾತ್ರ ಇನ್ನೊಂದು ಸಾಲು ಬರೆದು ಕಳಿಸಿ.